ಆಯ್ಕೆ ಪಟ್ಟಿಯಲ್ಲಿ ಹುಟ್ಟಿದ ತಿಂಗಳು ಏನು ಹೇಳುತ್ತದೆ? ನೀವೇ ಲೆಕ್ಕ ಹಾಕುವ ವಿಧಾನ

14 ವರ್ಷದೊಳಗಿನವರ, 16 ವರ್ಷದೊಳಗಿನವರ ಕ್ರಿಕೆಟ್ ಆಯ್ಕೆ ಟ್ರಯಲ್ಸ್ ಮುಗಿದು ಪಟ್ಟಿ ಹೊರಬಿದ್ದ ಕೂಡಲೇ ಪೋಷಕರಿಂದ ಒಂದೇ ಬಗೆಯ ಪ್ರಶ್ನೆ ಬರುತ್ತದೆ. "ನಮ್ಮ ಹುಡುಗ ಜುಲೈನಲ್ಲಿ ಹುಟ್ಟಿದವನು. ಆಯ್ಕೆಯಾದವರೆಲ್ಲ ಅವನಿಗಿಂತ ಒಂದು ಗೇಣು ಎತ್ತರ ಇದ್ದಾರೆ. ಇದರಲ್ಲಿ ಹುಟ್ಟಿದ ತಿಂಗಳ ಪಾತ್ರ ಏನಾದರೂ ಇದೆಯೇ?" ತರಬೇತುದಾರರೂ ಇದನ್ನೇ ಇನ್ನೊಂದು ತುದಿಯಿಂದ ಕೇಳುತ್ತಾರೆ: "ನಮ್ಮ ಪಟ್ಟಿಯಲ್ಲಿ ಆ ದೋಷ ಇದೆಯೋ ಇಲ್ಲವೋ ಹೇಗೆ ತಿಳಿಯುವುದು?"

ಅದನ್ನು ತಿಳಿಯಬಹುದು. ಒಂದು ತಂಡದ ಪಟ್ಟಿ, ಆಟಗಾರರ ಜನ್ಮದಿನಾಂಕ, ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್, ಜೊತೆಗೆ ಅರ್ಧ ಗಂಟೆ ಇದ್ದರೆ ಸಾಕು. ಆದರೆ ಲೆಕ್ಕ ಹಾಕುವುದಕ್ಕಿಂತ ಅದನ್ನು ಸರಿಯಾಗಿ ಓದುವುದು ಕಷ್ಟ. ಹಾಗಾಗಿ ಈ ಲೇಖನದ ಹೆಚ್ಚಿನ ಭಾಗ ಓದುವ ಕ್ರಮಕ್ಕೇ ಮೀಸಲು.

ಮೊದಲು, ಇದು ಏನು?

ವಯೋಮಿತಿ ಇರುವ ಪ್ರತಿ ಆಟಕ್ಕೂ ಒಂದು ಕಟ್‌ಆಫ್ ದಿನಾಂಕ ಇರುತ್ತದೆ. ಬಿಸಿಸಿಐ ಕಿರಿಯರ ಕ್ರಿಕೆಟ್‌ನಲ್ಲಿ ಅದು ಸೆಪ್ಟೆಂಬರ್ 1. ಒಬ್ಬ ಹುಡುಗ 2010ರ ಸೆಪ್ಟೆಂಬರ್ 3ರಂದು ಹುಟ್ಟಿದ, ಇನ್ನೊಬ್ಬ 2011ರ ಆಗಸ್ಟ್ 28ರಂದು ಹುಟ್ಟಿದ ಎಂದುಕೊಳ್ಳಿ. ಇಬ್ಬರೂ ಒಂದೇ ವರ್ಷದ ಗುಂಪಿಗೆ ಸೇರುತ್ತಾರೆ, ಒಂದೇ ದಿನ ಒಂದೇ ನೆಟ್‌ನಲ್ಲಿ ಟ್ರಯಲ್ಸ್ ಕೊಡುತ್ತಾರೆ. ಆದರೆ ಮೊದಲನೆಯವನು ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು. ಹುಡುಗರು ಅತಿ ವೇಗವಾಗಿ ಬೆಳೆಯುವುದು ಸುಮಾರು 14ನೇ ವಯಸ್ಸಿನ ಆಸುಪಾಸಿನಲ್ಲಿ. ಆಗ ಒಂದೇ ವರ್ಷದಲ್ಲಿ 8ರಿಂದ 10 ಸೆಂಟಿಮೀಟರ್ ಬೆಳೆಯುವವರಿದ್ದಾರೆ. ದೊಡ್ಡವನ ಚೆಂಡು ವೇಗವಾಗಿ ಬರುತ್ತದೆ, ಅವನ ಡ್ರೈವ್ ಬೌಂಡರಿ ಮುಟ್ಟುತ್ತದೆ. ಆಯ್ಕೆಗಾರನ ಕಣ್ಣಿಗೆ ಅದು ಪ್ರತಿಭೆಯಾಗಿ ಕಾಣುತ್ತದೆ.

ಇದನ್ನು ರಿಲೇಟಿವ್ ಏಜ್ ಎಫೆಕ್ಟ್ ಎನ್ನುತ್ತಾರೆ, ಅಂದರೆ ಸಾಪೇಕ್ಷ ವಯಸ್ಸಿನ ಪರಿಣಾಮ. ಒಂದೇ ವಯೋಗುಂಪಿನೊಳಗೆ ಕೆಲವು ತಿಂಗಳು ಮೊದಲು ಹುಟ್ಟಿದವರಿಗೆ ಸಿಗುವ ಅನುಕೂಲ ಇದು. ಕೆನಡಾದ ಐಸ್ ಹಾಕಿ ಆಟಗಾರರಲ್ಲಿ ಇದನ್ನು ತೋರಿಸಿದ ರೋಜರ್ ಬಾರ್ನ್‌ಸ್ಲಿ ಮತ್ತು ಸಂಗಡಿಗರ ಅಧ್ಯಯನ 1985ರದು. ಅಲ್ಲಿ ಕಟ್‌ಆಫ್ ಜನವರಿ 1. ಮೇಲಿನ ಹಂತದ ತಂಡಗಳಲ್ಲಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು ಕೊನೆಯ ಮೂರು ತಿಂಗಳವರಿಗಿಂತ ಹಲವು ಪಟ್ಟು ಹೆಚ್ಚಿದ್ದರು.

ಇದು ಋತುವಿನದೋ ನಕ್ಷತ್ರದ್ದೋ ಪ್ರಭಾವ ಇರಬಹುದೇ ಎಂದು ಕೇಳುವವರಿದ್ದಾರೆ. ಇಲ್ಲ. ಬೆಲ್ಜಿಯಂನ ಕಿರಿಯರ ಫುಟ್‌ಬಾಲ್‌ನಲ್ಲಿ 1997ರಲ್ಲಿ ಕಟ್‌ಆಫ್ ಆಗಸ್ಟ್ 1ರಿಂದ ಜನವರಿ 1ಕ್ಕೆ ಬದಲಾಯಿತು. ಅದರ ಹಿಂದೆಯೇ ಆಯ್ಕೆಯಾಗುವವರ ಹುಟ್ಟಿದ ತಿಂಗಳುಗಳೂ ಆಗಸ್ಟ್ ಕಡೆಯಿಂದ ಜನವರಿ ಕಡೆಗೆ ಸರಿದವು. ಗೆರೆ ಸರಿದರೆ ಗುಂಪೂ ಸರಿಯುತ್ತದೆ. ಆದ್ದರಿಂದ ಕಾರಣ ತಿಂಗಳಲ್ಲ, ಗೆರೆ.

ಹಂತ 1: ಸರಿಯಾದ ಕಟ್‌ಆಫ್ ಪತ್ತೆ ಮಾಡಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಕ್ರಿಕೆಟ್ ಪಟ್ಟಿಯನ್ನು ಜನವರಿ–ಮಾರ್ಚ್, ಏಪ್ರಿಲ್–ಜೂನ್ ಎಂದು ಕ್ಯಾಲೆಂಡರ್ ಪ್ರಕಾರ ಭಾಗ ಮಾಡಿದರೆ ಇರುವ ದೋಷವೂ ಕಾಣುವುದಿಲ್ಲ. ಅಂತರರಾಷ್ಟ್ರೀಯ ಫುಟ್‌ಬಾಲ್‌ಗೆ ಜನವರಿ 1, ಬಿಸಿಸಿಐ ಕ್ರಿಕೆಟ್‌ಗೆ ಸೆಪ್ಟೆಂಬರ್ 1. ಶಾಲಾ ಕ್ರೀಡಾಕೂಟವಾದರೆ ಆ ವರ್ಷದ ಸುತ್ತೋಲೆ ತೆರೆದು "ಈ ದಿನಾಂಕದಂದು ಅಥವಾ ನಂತರ ಜನಿಸಿದವರು" ಎಂಬ ಸಾಲನ್ನು ಹುಡುಕಿ, ಅಲ್ಲಿರುವ ದಿನಾಂಕವನ್ನೇ ಬಳಸಿ.

ಸೆಪ್ಟೆಂಬರ್ 1 ಗೆರೆಯಾದರೆ ನಾಲ್ಕು ತ್ರೈಮಾಸಿಕಗಳು ಹೀಗಾಗುತ್ತವೆ: ಸೆಪ್ಟೆಂಬರ್–ನವೆಂಬರ್ ಮೊದಲನೆಯದು, ಡಿಸೆಂಬರ್–ಫೆಬ್ರವರಿ ಎರಡನೆಯದು, ಮಾರ್ಚ್–ಮೇ ಮೂರನೆಯದು, ಜೂನ್–ಆಗಸ್ಟ್ ನಾಲ್ಕನೆಯದು. ಜುಲೈನಲ್ಲಿ ಹುಟ್ಟಿದ ಹುಡುಗ ಕೊನೆಯ ಗುಂಪಿನವನು.

ಹಂತ 2: ದಿನಾಂಕಗಳನ್ನು ಜೋಡಿಸಿ, ಎಣಿಸಿ

ಶೀಟ್‌ನ A ಕಾಲಂನಲ್ಲಿ ಕ್ರಮಸಂಖ್ಯೆ, B ಕಾಲಂನಲ್ಲಿ ಜನ್ಮದಿನಾಂಕ ಬರೆಯಿರಿ. C2ರಲ್ಲಿ ಈ ಸೂತ್ರ ಹಾಕಿ ಕೆಳಗೆ ಎಳೆಯಿರಿ:

```
=INT(MOD(MONTH(B2)-9,12)/3)+1
```

ಇದು 1ರಿಂದ 4ರವರೆಗಿನ ತ್ರೈಮಾಸಿಕ ಸಂಖ್ಯೆ ಕೊಡುತ್ತದೆ. ಕಟ್‌ಆಫ್ ಜನವರಿ 1 ಆದರೆ 9ರ ಜಾಗದಲ್ಲಿ 1 ಹಾಕಿ. ದಿನಾಂಕ ಬರೆಯುವಾಗ ಒಂದು ಎಚ್ಚರಿಕೆ ಬೇಕು. ಶೀಟ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ 05/09 ಎಂದು ಬರೆದದ್ದನ್ನು ಮೇ 9 ಎಂದು ಓದಿಬಿಡುತ್ತದೆ. ಎರಡು ಮೂರು ಸಾಲುಗಳನ್ನು ಕಣ್ಣಾರೆ ಹೋಲಿಸಿ ನೋಡಿ.

ಮಕ್ಕಳ ಪೂರ್ಣ ಜನ್ಮದಿನಾಂಕ ಹೆಸರಿನ ಜೊತೆಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಬಾರದು. ನಿಮ್ಮ ಲೆಕ್ಕಕ್ಕೆ ಹೆಸರೇ ಬೇಕಿಲ್ಲ. ಬೇರೆಯವರಿಗೆ ತೋರಿಸುವುದಾದರೆ ತ್ರೈಮಾಸಿಕದ ಮೊತ್ತಗಳನ್ನಷ್ಟೇ ತೋರಿಸಿ.

ಹಂತ 3: ಒಂದು ನಿಜವಾದ ಪಟ್ಟಿಯನ್ನು ನೋಡೋಣ

2018ರಲ್ಲಿ ನ್ಯೂಜಿಲೆಂಡ್‌ನಲ್ಲಿ ನಡೆದ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ಭಾರತ ತಂಡವನ್ನು ತೆಗೆದುಕೊಳ್ಳಿ. ರಾಹುಲ್ ದ್ರಾವಿಡ್ ತರಬೇತುದಾರರಾಗಿದ್ದ ತಂಡ ಅದು. 1998ರ ಸೆಪ್ಟೆಂಬರ್ 1ರಂದು ಅಥವಾ ನಂತರ ಹುಟ್ಟಿದವರಿಗೆ ಅರ್ಹತೆ ಇತ್ತು. ತಂಡದ 14 ಆಟಗಾರರ ಅಧಿಕೃತ ಜನ್ಮದಿನಾಂಕಗಳನ್ನು ಗುಂಪಿನ ವರ್ಷದ ಪ್ರಕಾರ ಜೋಡಿಸಿದರೆ ಹೀಗೆ ಕಾಣುತ್ತದೆ.

1998 ಸೆಪ್ಟೆಂಬರ್‌ನಿಂದ 1999 ಆಗಸ್ಟ್‌ವರೆಗೆ ಹುಟ್ಟಿದವರು: ಇಶಾನ್ ಪೊರೆಲ್ (ಸೆಪ್ಟೆಂಬರ್ 5), ಹಿಮಾಂಶು ರಾಣಾ (ಅಕ್ಟೋಬರ್ 1), ಶಿವಂ ಮಾವಿ (ನವೆಂಬರ್ 26), ಅನುಕೂಲ್ ರಾಯ್ (ನವೆಂಬರ್ 30), ಮನ್‌ಜೋತ್ ಕಾಲ್ರಾ (ಜನವರಿ 15), ಅರ್ಶದೀಪ್ ಸಿಂಗ್ (ಫೆಬ್ರವರಿ 5).

1999–2000ರ ಗುಂಪು: ಶುಭಮನ್ ಗಿಲ್ (ಸೆಪ್ಟೆಂಬರ್ 8), ಹಾರ್ವಿಕ್ ದೇಸಾಯಿ (ಅಕ್ಟೋಬರ್ 4), ಶಿವ ಸಿಂಗ್ (ಅಕ್ಟೋಬರ್ 16), ಪೃಥ್ವಿ ಶಾ (ನವೆಂಬರ್ 9), ಕಮಲೇಶ್ ನಾಗರಕೋಟಿ (ಡಿಸೆಂಬರ್ 28).

2000–01ರ ಗುಂಪು: ಅಭಿಷೇಕ್ ಶರ್ಮಾ (ಸೆಪ್ಟೆಂಬರ್ 4). 2001–02ರ ಗುಂಪು: ರಿಯಾನ್ ಪರಾಗ್ (ನವೆಂಬರ್ 10), ಆರ್ಯನ್ ಜುಯಾಲ್ (ನವೆಂಬರ್ 11).

ತಿಂಗಳ ಪ್ರಕಾರ ಎಣಿಸಿದರೆ ಮೊದಲ ತ್ರೈಮಾಸಿಕದಲ್ಲಿ 11, ಎರಡನೆಯದರಲ್ಲಿ 3. ಮೂರನೆಯದು, ನಾಲ್ಕನೆಯದು ಎರಡೂ ಸೊನ್ನೆ. ಈ ಹದಿನಾಲ್ವರಲ್ಲಿ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಆರು ತಿಂಗಳಲ್ಲಿ ಹುಟ್ಟಿದವರು ಒಬ್ಬರೂ ಇಲ್ಲ.

ಹಂತ 4: ಇದು ಆಕಸ್ಮಿಕವೇ ಎಂದು ಕೇಳಿ

ಸಣ್ಣ ಪಟ್ಟಿಗೆ ಅತಿ ಸರಳ ಪರೀಕ್ಷೆ ಎಂದರೆ ವರ್ಷವನ್ನು ಎರಡೇ ಭಾಗ ಮಾಡುವುದು. ಹುಟ್ಟಿದ ತಿಂಗಳಿಗೂ ಆಯ್ಕೆಗೂ ಸಂಬಂಧವೇ ಇಲ್ಲದಿದ್ದರೆ ಪ್ರತಿ ಆಟಗಾರ ಮೊದಲ ಆರು ತಿಂಗಳಿಗೆ ಸೇರುವ ಸಾಧ್ಯತೆ ಅರ್ಧದಷ್ಟು. 14 ಬಾರಿ ನಾಣ್ಯ ಚಿಮ್ಮಿ 14 ಬಾರಿಯೂ ಅದೇ ಮುಖ ಬೀಳುವ ಸಾಧ್ಯತೆ 16,384ರಲ್ಲಿ ಒಂದು. ತಂಡದಲ್ಲಿದ್ದ 15ನೆಯವನೂ ಸೇರಿ, ಅವನು ಎರಡನೇ ಅರ್ಧದವನೇ ಎಂದು ಇಟ್ಟುಕೊಂಡರೂ, 15ರಲ್ಲಿ 14 ಅಥವಾ ಹೆಚ್ಚು ಬರುವ ಸಾಧ್ಯತೆ 2,048ರಲ್ಲಿ ಒಂದು. ತೀರ್ಮಾನ ಅಲುಗಾಡುವುದಿಲ್ಲ.

ತ್ರೈಮಾಸಿಕದ ಲೆಕ್ಕಕ್ಕೆ ಈ ಸೂತ್ರ:

```
=1-BINOM.DIST(10,14,0.25,TRUE)
```

14ರಲ್ಲಿ 11 ಅಥವಾ ಅದಕ್ಕಿಂತ ಹೆಚ್ಚು ಜನ ಮೊದಲ ತ್ರೈಮಾಸಿಕಕ್ಕೆ ಬರುವ ಸಾಧ್ಯತೆ ಇದು. ನಿಮ್ಮ ಪಟ್ಟಿಯಲ್ಲಿ ಮೊದಲ ತ್ರೈಮಾಸಿಕದವರು ಎಷ್ಟೋ ಅದರಿಂದ ಒಂದನ್ನು ಕಳೆದು ಮೊದಲ ಜಾಗದಲ್ಲಿ ಬರೆಯಬೇಕು, ಅದಕ್ಕೇ 11ರ ಬದಲು 10. ಉತ್ತರ 0.00004, ಅಂದರೆ 25,000ದಲ್ಲಿ ಒಂದು.

ಆದರೆ ಈ ಪಟ್ಟಿಯನ್ನು ನಾನು ಆರಿಸಿದ್ದೇ ಅದರಲ್ಲಿ ಪರಿಣಾಮ ಎದ್ದು ಕಾಣುತ್ತದೆ ಎಂದು. ಹತ್ತು ಪಟ್ಟಿ ನೋಡಿ ಅತಿ ಬೆರಗಿನದನ್ನು ಎತ್ತಿಕೊಂಡರೆ ಈ ಸಾಧ್ಯತೆಯ ಅಂಕಿಗೆ ಮೊದಲಿನ ತೂಕ ಉಳಿಯುವುದಿಲ್ಲ. ವಿಧಾನ ಕಲಿಯಲು ಇಂಥ ಪಟ್ಟಿ ಒಳ್ಳೆಯದು. ನಿಮ್ಮ ಅಕಾಡೆಮಿಯನ್ನೋ ವಲಯವನ್ನೋ ಪರೀಕ್ಷಿಸುವಾಗ ಮಾತ್ರ ಯಾವ ವರ್ಷಗಳ ಪಟ್ಟಿ ತೆಗೆದುಕೊಳ್ಳುತ್ತೀರಿ ಎಂದು ಎಣಿಸುವ ಮೊದಲೇ ತೀರ್ಮಾನಿಸಿ, ಅಷ್ಟನ್ನೂ ಎಣಿಸಿ.

ಸಾಮಾನ್ಯ ಪಟ್ಟಿ ಇಷ್ಟು ಎದ್ದು ಕಾಣುವುದಿಲ್ಲ. 15 ಹುಡುಗರಲ್ಲಿ 6 ಜನ ಸೆಪ್ಟೆಂಬರ್–ನವೆಂಬರ್‌ನವರು ಎಂದರೆ ಪೋಷಕರಿಗೆ ಅನ್ಯಾಯದಂತೆ ಕಾಣುತ್ತದೆ. ಯಾವ ಪಕ್ಷಪಾತವೂ ಇಲ್ಲದೆ ಬರೀ ಆಕಸ್ಮಿಕವಾಗಿಯೇ 6 ಅಥವಾ ಹೆಚ್ಚು ಬರುವುದು 100ರಲ್ಲಿ ಸುಮಾರು 15 ಸಲ. 7 ಬಂದರೂ 100ಕ್ಕೆ 5–6 ಸಲ ಆಕಸ್ಮಿಕವೇ. ಒಂದೇ ವರ್ಷದ ಒಂದೇ ತಂಡ ಹಿಡಿದುಕೊಂಡು ಜಗಳಕ್ಕೆ ಹೋಗಬೇಡಿ. ನಾಲ್ಕೈದು ವರ್ಷಗಳ, ಅಥವಾ ಒಂದೇ ವರ್ಷದ ಹಲವು ವಲಯಗಳ ಪಟ್ಟಿ ಸೇರಿಸಿ 60–70 ಹೆಸರಾದರೂ ಮಾಡಿ. ಸೇರಿಸುವಾಗ ಸತತ ಎರಡು ವರ್ಷ ಆಡಿದ ಹುಡುಗನನ್ನು ಒಮ್ಮೆ ಮಾತ್ರ ಎಣಿಸಬೇಕು. ಇಲ್ಲವಾದರೆ ಒಂದೇ ಆಯ್ಕೆ ಎರಡು ಸಾಕ್ಷ್ಯವಾಗಿಬಿಡುತ್ತದೆ.

ಹಂತ 5: ಯಾವುದಕ್ಕೆ ಹೋಲಿಸುತ್ತಿದ್ದೀರಿ?

ಮೇಲಿನ ಸೂತ್ರದಲ್ಲಿ 0.25 ಎಂದು ಬರೆಯುವಾಗ ನಾವು ಒಂದು ಮಾತನ್ನು ಒಪ್ಪಿಕೊಂಡಿರುತ್ತೇವೆ: ಪ್ರತಿ ತ್ರೈಮಾಸಿಕದಲ್ಲೂ ಕಾಲು ಭಾಗ ಮಕ್ಕಳು ಹುಟ್ಟುತ್ತಾರೆ. ನಿಜದಲ್ಲಿ ತಿಂಗಳಿಂದ ತಿಂಗಳಿಗೆ ಏರಿಳಿತ ಇರುತ್ತದೆ. ಮೊದಲ ತ್ರೈಮಾಸಿಕದ ಪಾಲನ್ನು ಉದಾರವಾಗಿ 0.30 ಎಂದು ಹಿಡಿದರೂ 2018ರ ಪಟ್ಟಿಗೆ ಬರುವ ಸಾಧ್ಯತೆ 4,000ದಲ್ಲಿ ಒಂದು. ಅಷ್ಟು ದೊಡ್ಡ ವಾಲುವಿಕೆಯನ್ನು ಜನನದ ಏರಿಳಿತ ವಿವರಿಸಲಾರದು. ಆದರೆ ವಾಲುವಿಕೆ ಸಣ್ಣದಿದ್ದಾಗ ಈ ವ್ಯತ್ಯಾಸ ಮುಖ್ಯವಾಗುತ್ತದೆ.

ಜನಸಂಖ್ಯೆಗಿಂತ ಒಳ್ಳೆಯ ಹೋಲಿಕೆ ಟ್ರಯಲ್ಸ್‌ಗೆ ಹೆಸರು ಕೊಟ್ಟವರ ಪಟ್ಟಿ. ಊಹೆಯ ಉದಾಹರಣೆ: 200 ಹುಡುಗರು ಬಂದಿದ್ದರು, ಅವರಲ್ಲಿ 70 ಜನ ಮೊದಲ ತ್ರೈಮಾಸಿಕದವರು. ಅಂದರೆ 0.35. ಈಗ 15ರ ತಂಡದಲ್ಲಿ 7 ಜನ ಆ ತ್ರೈಮಾಸಿಕದವರಿದ್ದರೆ ಸೂತ್ರದಲ್ಲಿ 0.25 ಬದಲು 0.35 ಹಾಕಿ. ಹಿಂದೆ 100ಕ್ಕೆ 5–6 ಇದ್ದ ಸಾಧ್ಯತೆ ಈಗ 100ಕ್ಕೆ ಸುಮಾರು 25 ಆಗುತ್ತದೆ. ಹಾಗಿದ್ದರೆ ಆ ದಿನ ಮೈದಾನದಲ್ಲಿ ಕುಳಿತಿದ್ದ ಆಯ್ಕೆಗಾರರನ್ನು ದೂರುವಂತಿಲ್ಲ. ಕಿರಿಯ ಹುಡುಗರು ಅಲ್ಲಿಗೆ ಬರುವ ಮೊದಲೇ, ಅಕಾಡೆಮಿಯಲ್ಲೋ ಶಾಲಾ ತಂಡದಲ್ಲೋ ಹಿಂದೆ ಬಿದ್ದಿದ್ದಾರೆ.

ಹಂತ 6: ಗುರುತು ಬಿದ್ದದ್ದು ಯಾವ ಬಾಗಿಲಲ್ಲಿ?

ನನ್ನ ಮಟ್ಟಿಗೆ ಇಡೀ ಲೆಕ್ಕದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದು, ಹೆಚ್ಚಿನವರು ಕೇಳದೆ ಬಿಡುವುದೂ ಇದನ್ನೇ.

2018ರ ಪಟ್ಟಿಗೆ ಮತ್ತೆ ಹೋಗಿ. ಆ ಟೂರ್ನಿಯಲ್ಲಿ ನಿಜವಾಗಿ "ದೊಡ್ಡವರು" ಯಾರು? 1998ರ ಸೆಪ್ಟೆಂಬರ್‌ನಿಂದಾಚೆಗೆ ಹುಟ್ಟಿದ ಮೊದಲ ಗುಂಪಿನವರು. ಪರಾಗ್ ಮತ್ತು ಜುಯಾಲ್ ಈ ಗುಂಪಿನವರಿಗಿಂತ ಮೂರು ವರ್ಷ ಚಿಕ್ಕವರು. 19 ವರ್ಷದೊಳಗಿನವರ ಆ ಆಯ್ಕೆಯಲ್ಲಿ ಇವರಿಗೆ ವಯಸ್ಸಿನ ಅನುಕೂಲ ಒಂದಿಷ್ಟೂ ಇರಲಿಲ್ಲ, ಅನನುಕೂಲವೇ ಇತ್ತು. ಆದರೂ ಇಬ್ಬರೂ ನವೆಂಬರ್‌ನವರು. ಅಭಿಷೇಕ್ ಶರ್ಮಾ ಎರಡು ವರ್ಷ ಚಿಕ್ಕವರು, ಸೆಪ್ಟೆಂಬರ್‌ನವರು.

ಇದು ಹೇಗೆ ಸಾಧ್ಯ? 16 ವರ್ಷದವನು 19ರೊಳಗಿನವರ ಎದುರು ನಿಂತಾಗ ನವೆಂಬರ್‌ನಲ್ಲಿ ಹುಟ್ಟಿದ್ದು ಅವನಿಗೆ ಹೆಚ್ಚೇನೂ ಕೊಡುವುದಿಲ್ಲ. ಆದರೆ ಅವನು 14ರೊಳಗಿನ, 16ರೊಳಗಿನ ಆಯ್ಕೆಗಳನ್ನು ದಾಟಿ ಬಂದವನು. ಅಲ್ಲಿಯೂ ಗೆರೆ ಅದೇ ಸೆಪ್ಟೆಂಬರ್ 1. ತನ್ನ ವರ್ಷದ ಗುಂಪಿನಲ್ಲಿ ಅವನು ಹಿರಿಯನಾಗಿದ್ದ. ಅಲ್ಲಿ ಆಯ್ಕೆಯಾದ ಹುಡುಗನಿಗೆ ಒಳ್ಳೆಯ ಟರ್ಫ್ ವಿಕೆಟ್, ಹೆಚ್ಚು ಪಂದ್ಯ, ಶಿಬಿರ, ಅನುಭವಿ ಕೋಚ್ ಸಿಗುತ್ತದೆ. ಮುಂದಿನ ಆಯ್ಕೆಯ ಹೊತ್ತಿಗೆ ಅವನು ನಿಜವಾಗಿಯೂ ಉತ್ತಮ ಆಟಗಾರನಾಗಿರುತ್ತಾನೆ. ಮೊದಲು ತಿಂಗಳು ಕೊಟ್ಟ ಅಂತರವನ್ನು ಆಮೇಲೆ ಅಭ್ಯಾಸ ಗಟ್ಟಿ ಮಾಡುತ್ತದೆ.

ಹಾಗಾಗಿ ಹಿರಿಯ ವಯೋಗುಂಪಿನ ಪಟ್ಟಿ ಓದುವಾಗ ಎರಡು ಕಾಲಂ ಮಾಡಿ. ಒಂದರಲ್ಲಿ ಆಟಗಾರ ಯಾವ ವರ್ಷದ ಗುಂಪಿನವನು, ಇನ್ನೊಂದರಲ್ಲಿ ಯಾವ ತ್ರೈಮಾಸಿಕದವನು. ಮೊದಲ ವರ್ಷದ ಗುಂಪಿನವರೇ ತುಂಬಿದ್ದರೆ ಈಗಿನ ಆಯ್ಕೆ ದೊಡ್ಡವರ ಕಡೆ ವಾಲಿದೆ. ಎಲ್ಲ ವರ್ಷದ ಗುಂಪುಗಳಲ್ಲೂ ಮೊದಲ ತ್ರೈಮಾಸಿಕವೇ ತುಂಬಿದ್ದರೆ, ಗುರುತು ಕೆಳಗಿನ ಬಾಗಿಲಲ್ಲಿ, ಅಂದರೆ ಕಿರಿಯ ವಯೋಗುಂಪಿನ ಆಯ್ಕೆಯಲ್ಲೇ ಬಿದ್ದಿದೆ. ಆಗ 19ರ ಆಯ್ಕೆ ಸಮಿತಿಯನ್ನು ಪ್ರಶ್ನಿಸಿ ಫಲವಿಲ್ಲ. ಜಿಲ್ಲೆ, ವಲಯ ಮಟ್ಟದ 14ರೊಳಗಿನ ಪಟ್ಟಿಗಳನ್ನು ತೆಗೆದು ಎಣಿಸಬೇಕು.

ಹಂತ 7: ದಾಖಲೆಯ ದಿನಾಂಕ ನಂಬಲರ್ಹವೇ?

ನಮ್ಮಲ್ಲಿ ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆಸಿದ ಜನ್ಮದಿನಾಂಕಗಳು ಎಷ್ಟೋ ಇವೆ. ಪಟ್ಟಿಯಲ್ಲಿ ಜೂನ್ 1, ಜನವರಿ 1ರಂಥ ದಿನಾಂಕ ಪದೇ ಪದೇ ಬಂದರೆ ಅವುಗಳನ್ನು ಹೊರಗಿಟ್ಟು ಒಮ್ಮೆ, ಸೇರಿಸಿ ಒಮ್ಮೆ ಎಣಿಸಿ.

ಇನ್ನೊಂದು ತೊಡಕು ವಯಸ್ಸು ತಿದ್ದುವುದು. ತಿದ್ದಿದ ದಿನಾಂಕಕ್ಕೂ ಸಾಪೇಕ್ಷ ವಯಸ್ಸಿಗೂ ಬೇರೆ ಬೇರೆ ಚಹರೆ ಇದೆ. ಸಾಪೇಕ್ಷ ವಯಸ್ಸಿನ ಪರಿಣಾಮ ಇಳಿಜಾರಿನಂತೆ ಸಾಗುತ್ತದೆ: ಮೊದಲ ತಿಂಗಳುಗಳಲ್ಲಿ ಹೆಚ್ಚು, ಮುಂದೆ ಹೋದಂತೆ ಕಡಿಮೆ. ತಿದ್ದುವಿಕೆ ಗೆರೆ ದಾಟಿದ ಮೊದಲ ಕೆಲವೇ ದಿನಗಳಲ್ಲಿ ರಾಶಿ ಬೀಳಿಸುತ್ತದೆ, ಆಮೇಲೆ ಥಟ್ಟನೆ ಕುಸಿಯುತ್ತದೆ. ಇದನ್ನು ನೋಡಲು ನೂರಾರು ದಿನಾಂಕ ಬೇಕು. 2018ರ ಪಟ್ಟಿಯಲ್ಲಿ ಸೆಪ್ಟೆಂಬರ್‌ನಲ್ಲಿ ಹುಟ್ಟಿದವರು 3 ಜನ, ಅಕ್ಟೋಬರ್‌ನಲ್ಲಿ 3 ಜನ, ನವೆಂಬರ್‌ನಲ್ಲಿ 5 ಜನ. ಅಂಥ ರಾಶಿ ಅಲ್ಲಿಲ್ಲ. ಯಾವ ಪಟ್ಟಿಯಲ್ಲೇ ಆಗಲಿ, ಒಬ್ಬ ಹುಡುಗ ಸೆಪ್ಟೆಂಬರ್ ಮೊದಲ ವಾರದಲ್ಲಿ ಹುಟ್ಟಿದ್ದಾನೆ ಎಂಬುದು ಅವನ ಮೇಲೆ ಅನುಮಾನ ಪಡಲು ಕಾರಣವಲ್ಲ.

ಬಿಸಿಸಿಐ 16ರೊಳಗಿನ ಹುಡುಗರಿಗೆ ಮಾಡಿಸುವ ಟಿಡಬ್ಲ್ಯು3 ಪರೀಕ್ಷೆ ಎಡ ಮಣಿಕಟ್ಟಿನ ಎಕ್ಸ್‌-ರೇ ನೋಡಿ ಮೂಳೆಯ ಬೆಳವಣಿಗೆಯನ್ನು ಅಳೆಯುತ್ತದೆ. ಹುಟ್ಟಿದ ದಿನ ಅದರಿಂದ ತಿಳಿಯುವುದಿಲ್ಲ. ಹಾಗಾಗಿ "ಬೋನ್ ಟೆಸ್ಟ್ ಇದೆಯಲ್ಲ, ಈ ಸಮಸ್ಯೆ ಇರಲಾರದು" ಎಂಬ ಮಾತು ತಪ್ಪು. ಎಲ್ಲರ ದಿನಾಂಕ ಸಾಚಾ ಇದ್ದರೂ ಸೆಪ್ಟೆಂಬರ್ ಹುಡುಗನಿಗೂ ಆಗಸ್ಟ್ ಹುಡುಗನಿಗೂ ಹನ್ನೊಂದು ತಿಂಗಳ ಅಂತರ ಇದ್ದೇ ಇರುತ್ತದೆ.

ಹಂತ 8: ವಾಲಿರುವುದು ಖಚಿತವಾದರೆ

ಪೋಷಕರಿಗೆ ಒಂದು ಮಾತು. ಈ ಲೆಕ್ಕ ಗುಂಪಿನ ಬಗ್ಗೆ ಹೇಳುತ್ತದೆ, ನಿಮ್ಮ ಮಗನ ಬಗ್ಗೆ ಅಲ್ಲ. ಅವನು ತಿಂಗಳ ಕಾರಣಕ್ಕೇ ಹೊರಗುಳಿದ ಎಂದು ಇದರಿಂದ ಸಾಧಿಸಲಾಗದು. ಕೆನಡಾ–ಅಮೆರಿಕದ ಐಸ್ ಹಾಕಿ ಲೀಗ್‌ನಲ್ಲಿ ಕಂಡದ್ದೊಂದು ನಿಮಗೆ ಉಪಯೋಗಕ್ಕೆ ಬರಬಹುದು: ವರ್ಷದ ಕೊನೆಯಲ್ಲಿ ಹುಟ್ಟಿದ ಆಟಗಾರರನ್ನು ತಂಡಗಳು ತಡವಾಗಿ ಆರಿಸಿಕೊಳ್ಳುತ್ತಿದ್ದವು, ಆದರೆ ಅವರು ಆರಿಸಿದ ಸ್ಥಾನಕ್ಕಿಂತ ಚೆನ್ನಾಗಿ ಆಡಿದರು. 13ರಲ್ಲಿ ಬಂದ "ಇಲ್ಲ" ಎಂಬ ಉತ್ತರದಿಂದ ಹುಡುಗನ ಕಿಟ್ ಅಟ್ಟಕ್ಕೇರಬೇಕಿಲ್ಲ. ಬೆಳವಣಿಗೆ ಸಮವಾಗುವ 17–18ರವರೆಗೆ ಅವನಿಗೆ ಕ್ಲಬ್ ಪಂದ್ಯಗಳು ಸಿಗುತ್ತಿರುವಂತೆ ನೋಡಿಕೊಳ್ಳಿ.

ತರಬೇತುದಾರರು, ಆಯ್ಕೆಗಾರರು ಮಾಡಬಹುದಾದ ಒಂದು ಕೆಲಸ ನೆದರ್ಲೆಂಡ್ಸ್‌ನ ಫುಟ್‌ಬಾಲ್ ಪ್ರಯೋಗದಿಂದ ಬಂದದ್ದು, 2017ರಲ್ಲಿ ಪ್ರಕಟವಾಯಿತು. ಆಯ್ಕೆಗಾರರಿಗೆ ಕಿರಿಯರ ಪಂದ್ಯ ತೋರಿಸಿ ಆಟಗಾರರಿಗೆ ಅಂಕ ಕೊಡಲು ಹೇಳಿದರು. ಜನ್ಮದಿನಾಂಕದ ಪಟ್ಟಿಯನ್ನು ಕೈಗೆ ಕೊಟ್ಟರೂ ಅವರು ದೊಡ್ಡವರ ಕಡೆಗೇ ವಾಲಿದರು. ಶರ್ಟ್ ಸಂಖ್ಯೆಗಳನ್ನೇ ವಯಸ್ಸಿನ ಕ್ರಮದಲ್ಲಿ ಹಾಕಿ, ಹಾಗೆ ಹಾಕಿದೆ ಎಂದು ತಿಳಿಸಿದಾಗ ಮಾತ್ರ ಆ ವಾಲುವಿಕೆ ಹೋಯಿತು. ಆಡುವುದನ್ನು ನೋಡುವ ಕ್ಷಣದಲ್ಲೇ ವಯಸ್ಸು ಕಣ್ಣಿಗೆ ಬೀಳಬೇಕು.

ನಿಮ್ಮ ಟ್ರಯಲ್ಸ್‌ನಲ್ಲೂ ಇದನ್ನು ಮಾಡಬಹುದು, ಖರ್ಚಿಲ್ಲ. ನೋಂದಣಿ ಮುಗಿದ ಮೇಲೆ ದಿನಾಂಕದ ಪ್ರಕಾರ ಶೀಟ್ ಜೋಡಿಸಿ, ಅತಿ ಹಿರಿಯನಿಗೆ 1, ಅತಿ ಕಿರಿಯನಿಗೆ ಕೊನೆಯ ಸಂಖ್ಯೆ ಕೊಡಿ. ಎದೆಗೂ ಬೆನ್ನಿಗೂ ಅದೇ ಸಂಖ್ಯೆ ಅಂಟಿಸಿ. ಬಂದ ಕ್ರಮದಲ್ಲಿ ಸಂಖ್ಯೆ ಹಂಚುವ ಅಭ್ಯಾಸ ಬಿಡಿ, ಅದರಿಂದ ಯಾವ ಮಾಹಿತಿಯೂ ಸಿಗುವುದಿಲ್ಲ. ಆಯ್ಕೆಗಾರರಿಗೆ ಬೆಳಿಗ್ಗೆಯೇ ವಿಷಯ ತಿಳಿಸಿ, ನೆಟ್‌ಗಳಲ್ಲಿ ಅಕ್ಕಪಕ್ಕದ ಸಂಖ್ಯೆಯವರನ್ನು ಒಟ್ಟಿಗೆ ಬಿಡಿ, 3ನೇ ಸಂಖ್ಯೆಯ ಬೌಲರ್ ಎದುರು 5ನೇ ಸಂಖ್ಯೆಯ ಬ್ಯಾಟ್ಸ್‌ಮನ್ ನಿಲ್ಲಲಿ, 58ರ ಎದುರು 60. ಪಟ್ಟಿ ಸಿದ್ಧವಾದ ಮೇಲೆ, ಅದನ್ನು ಪ್ರಕಟಿಸುವ ಮೊದಲು, ಹಂತ 2ರ ಸೂತ್ರ ಹಾಕಿ ನಾಲ್ಕು ಮೊತ್ತಗಳನ್ನು ಆಯ್ಕೆ ಸಮಿತಿಯ ಮುಂದಿಡಿ, ಮತ್ತು ಆ ಹಾಳೆಯನ್ನು ಮುಂದಿನ ವರ್ಷದ ಪಟ್ಟಿಯೊಂದಿಗೆ ಸೇರಿಸಲು ಕಡತದಲ್ಲಿ ಇಟ್ಟುಕೊಳ್ಳಿ.